ಐವತ್ತು–ಎಂಬತ್ತರ ಸೈಟಿನಲ್ಲಿ ಎಷ್ಟು ಕಾರು ನಿಲ್ಲುತ್ತವೆ?

ಮದುವೆ ಛತ್ರದ ಪಕ್ಕದಲ್ಲಿ 50 ಅಡಿ ಅಗಲ, 80 ಅಡಿ ಉದ್ದದ ಖಾಲಿ ಸೈಟಿದೆ ಎಂದಿಟ್ಟುಕೊಳ್ಳಿ. ಸುತ್ತ ಕಾಂಪೌಂಡು, ರಸ್ತೆ ಕಡೆಗೆ ಒಂದೇ ಗೇಟು. ಅಲ್ಲಿ ಎಷ್ಟು ಕಾರು ಹಿಡಿಸಬಹುದು? ನಮ್ಮಲ್ಲಿ ಒಂದು ಕಾರಿಗೆ ಸಾಮಾನ್ಯವಾಗಿ ಗೆರೆ ಹಾಕುವ ಜಾಗ 2.5 ಮೀಟರ್ ಅಗಲ, 5 ಮೀಟರ್ ಉದ್ದ. ಸೈಟಿನ ವಿಸ್ತೀರ್ಣವನ್ನು ಇದರಿಂದ ಭಾಗಿಸಿದರೆ 29 ಬರುತ್ತದೆ. ಆದರೆ ನಿಜವಾಗಿ ಬಂದು ಹೋಗಬಲ್ಲ ಕಾರುಗಳು ಅದರ ಅರ್ಧದಷ್ಟು ಮಾತ್ರ. ಉಳಿದದ್ದನ್ನೆಲ್ಲ ನಡುವಿನ ಓಡಾಟದ ದಾರಿ ತಿನ್ನುತ್ತದೆ. ಗೆರೆ ಎಳೆಯುವ ಮುನ್ನ ಅಳೆಯಬೇಕಾದದ್ದು ಆ ದಾರಿಯನ್ನೇ.

ಗೋಡೆಗೆ ನೇರವಾಗಿ ಎರಡೂ ಬದಿ ಕಾರು ನಿಲ್ಲಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಕ್ರಮ. ಎರಡು ಸಾಲಿಗೆ ಐದೈದು ಮೀಟರ್, ನಡುವೆ ದಾರಿಗೆ 6 ಮೀಟರ್, ಒಟ್ಟು 16. ನಮ್ಮ ಸೈಟಿನ 50 ಅಡಿ ಅಂದರೆ 15.24 ಮೀಟರ್. ಮುಕ್ಕಾಲು ಮೀಟರ್ ಸಾಲದು. ಅಷ್ಟೇ ತಾನೇ ಎಂದು ಹಲವರು ದಾರಿಯನ್ನು ಸುಮಾರು 5.2 ಮೀಟರಿಗೆ ಇಳಿಸಿಬಿಡುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ. ಕಾರು ಪೂರ್ತಿ ಕಾಲುಸುತ್ತು ತಿರುಗಿ ಸ್ಲಾಟಿಗೆ ಹೋಗುವಾಗ ಮುಂದಿನ ಮೂಲೆ ಹೊರಕ್ಕೆ ಬೀಸುತ್ತದೆ, ಹಿಂದಿನ ಚಕ್ರ ಒಳಕ್ಕೆ ಕತ್ತರಿಸುತ್ತದೆ. ದಾರಿ ಕಿರಿದಾದರೆ ಒಂದೇ ಸಲಕ್ಕೆ ತಿರುಗುವುದಿಲ್ಲ. ಹಿಂದೆ ಮುಂದೆ ಮಾಡುತ್ತಾ ನಿಂತಷ್ಟು ಹೊತ್ತೂ ಹಿಂದಿನವರು ಹಾರ್ನ್ ಹೊಡೆಯುತ್ತಾರೆ.

ಇದಕ್ಕೊಂದು ಪರಿಹಾರವಿದೆ, ಆದರೆ ಹೆಚ್ಚಿನವರಿಗೆ ಅದು ತಲೆಕೆಳಗಿನ ಲೆಕ್ಕವೆನಿಸುತ್ತದೆ: ದಾರಿ ಕಿರಿದಾದರೆ ಸ್ಲಾಟನ್ನು ಅಗಲ ಮಾಡಿ. ಸ್ಲಾಟಿನ ಬಾಯಿ ದೊಡ್ಡದಾದಷ್ಟೂ ಪಕ್ಕದ ಕಾರಿಗೆ ತಾಗದೆ ತಿರುಗಲು ಅವಕಾಶ ಹೆಚ್ಚು. 2.5 ಮೀಟರಿನಂತೆ ಒಂದೊಂದು ಬದಿಗೆ 9 ಕಾರು ಕೂರುತ್ತವೆ. 2.75ರಂತೆ 8 ಹಾಕಿದರೆ 22 ಮೀಟರ್ ಸಾಕು, ಕೊನೆಯಲ್ಲಿ 2 ಮೀಟರಿಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಆ ಉಳಿದ ಜಾಗವನ್ನು ಖಾಲಿ ಬಿಡಲೇಬೇಕು. ಎದುರು ಗೋಡೆ ಅಡ್ಡವಿರುವಲ್ಲಿ ಕೊನೆಯ ಕಾರು ಹೊರಬರುವಾಗ ಮೂತಿ ಅಥವಾ ಬೆನ್ನು ಚಾಚಲು ಇರುವ ಜಾಗ ಅದೊಂದೇ. ಇನ್ನೊಂದು ಮಾತು, ಇಲ್ಲಿ ಕಾರನ್ನು ರಿವರ್ಸ್‌ನಲ್ಲಿ ಒಳಗೆ ಹಾಕುವುದು ಸುಲಭ. ತಿರುಗುವ ಚಕ್ರಗಳು ದಾರಿಯ ಕಡೆಗಿರುವುದರಿಂದ ಕಡಿಮೆ ಅಗಲದಲ್ಲೇ ಕೆಲಸವಾಗುತ್ತದೆ.

ಹಾಗಾದರೆ ಓರೆಯಾಗಿ ನಿಲ್ಲಿಸಿದರೆ? ಚಾಲಕನಿಗೆ ಇದು ಹಿತ. ಅರ್ಧ ಮಾತ್ರ ತಿರುಗಬೇಕಾದ್ದರಿಂದ 45 ಡಿಗ್ರಿ ಓರೆಗೆ ಮೂರೂವರೆ ಮೀಟರ್ ದಾರಿ ಸಾಕು. ಓರೆ ಇಟ್ಟರೆ ಸಾಲು ಗೋಡೆಯಿಂದ ಕಡಿಮೆ ಮುಂದೆ ಬರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಇಲ್ಲ: ಕಾರಿನ ಉದ್ದದ ಜೊತೆ ಅಗಲವೂ ಸೇರಿ ಅದು 5.3 ಮೀಟರ್ ಮುಂದೆ ಬರುತ್ತದೆ. ಉಳಿತಾಯವಾಗುವುದು ದಾರಿಯಲ್ಲಿ. ಎರಡು ಸಾಲು, ದಾರಿ ಸೇರಿ ಸುಮಾರು 14.1 ಮೀಟರ್, ನಮ್ಮ ಸೈಟಿನಲ್ಲಿ ಆರಾಮಾಗಿ ಕೂರುತ್ತದೆ. ಬೆಲೆ ತೆರುವುದು ಉದ್ದದಲ್ಲಿ. ಒಂದೊಂದು ಕಾರೂ ಗೋಡೆಗುಂಟ ಎರಡೂವರೆಯ ಬದಲು ಮೂರೂವರೆ ಮೀಟರ್ ಹಿಡಿಯುತ್ತದೆ, ಎರಡೂ ತುದಿಗಳಲ್ಲಿ ಉಪಯೋಗಕ್ಕೆ ಬಾರದ ತ್ರಿಕೋನಗಳು ಉಳಿಯುತ್ತವೆ. ಬದಿಗೆ 6ರಂತೆ ಒಟ್ಟು 12 ಕಾರು. 60 ಡಿಗ್ರಿಗೆ ಏರಿಸಿದರೆ 14 ಆಗುತ್ತವೆ. ಆದರೆ ಅದಕ್ಕೆ ಸುಮಾರು ನಾಲ್ಕೂವರೆ ಮೀಟರ್ ದಾರಿ ಬೇಕು, ಇಲ್ಲಿ ಸಿಗುವುದು ನಾಲ್ಕೇ ಚಿಲ್ಲರೆ.

ಓರೆಯ ನಿಜವಾದ ತೊಡಕು ಗೇಟಿನದು. ಈ ಸಾಲುಗಳು ಒಂದೇ ದಿಕ್ಕಿಗೆ ಬಾಗಿರುತ್ತವೆ. ಬಂದ ಕಾರು ಅದೇ ದಿಕ್ಕಿನಲ್ಲಿ ಮುಂದೆ ಸಾಗಿ ಇನ್ನೊಂದು ಕಡೆಯಿಂದ ಹೊರಹೋಗಬೇಕು. ಒಂದೇ ಗೇಟಿರುವ ಸೈಟಿನಲ್ಲಿ ಅಷ್ಟೂ ಜನ ಹಿಂದಕ್ಕೆ ನೋಡುತ್ತಾ ರಸ್ತೆಯವರೆಗೆ ರಿವರ್ಸ್ ಬರಬೇಕಾಗುತ್ತದೆ. ಊಟ ಮುಗಿದು ಎಲ್ಲರೂ ಒಟ್ಟಿಗೆ ಹೊರಡುವ ಛತ್ರದಲ್ಲಿ ಇದು ಆಗದ ಮಾತು. ಹಿಂಬದಿಯಲ್ಲೂ ರಸ್ತೆಯಿದ್ದು ಅಲ್ಲೊಂದು ಗೇಟು ತೆರೆಯಬಹುದಾದರೆ ನಾನು ಕಣ್ಣುಮುಚ್ಚಿ 45 ಡಿಗ್ರಿಗೆ ಹೋಗುತ್ತೇನೆ, ನಾಲ್ಕು ಕಾರು ಕಡಿಮೆಯಾದರೂ ಸರಿ. ಬರುವವರು ಜಾಗ ಗೊತ್ತಿಲ್ಲದ ಅತಿಥಿಗಳು, ದಿನಾ ನಿಲ್ಲಿಸುವ ಅಪಾರ್ಟ್‌ಮೆಂಟಿನವರಲ್ಲ.

ಕೋನ ಗುರುತಿಸಲು ಯಂತ್ರ ಬೇಕಿಲ್ಲ. ಗೋಡೆಗುಂಟ 10 ಅಡಿ ಅಳೆದು, ಅಲ್ಲಿಂದ ಗೋಡೆಗೆ ಮೂಲೆಮಟ್ಟವಾಗಿ 10 ಅಡಿ ಹೊರಗೆ ಬಂದು, ಆ ತುದಿಯನ್ನು ಮೊದಲು ಅಳತೆ ಹಿಡಿದ ಬಿಂದುವಿಗೆ ದಾರ ಕಟ್ಟಿದರೆ ಅದೇ 45 ಡಿಗ್ರಿ. ಉಳಿದ ಗೆರೆಗಳನ್ನು ಅದಕ್ಕೆ ಸಮಾನಾಂತರವಾಗಿ ಮೊದಲು ಸುಣ್ಣದ ಪುಡಿಯಲ್ಲಿ ಹಾಕಿ, ಒಂದು ಇನ್ನೋವಾ ತರಿಸಿ ಎಲ್ಲ ಸ್ಲಾಟುಗಳಿಗೂ ನುಗ್ಗಿಸಿ ನೋಡಿ. ಚಿಕ್ಕ ಕಾರಿನಲ್ಲಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಬಣ್ಣ ಬಳಿಯುವುದು ಆಮೇಲಿನ ಕೆಲಸ. ಜಾಗ ಈಗಾಗಲೇ ಬಳಕೆಯಲ್ಲಿದ್ದರೆ ನೆಲವನ್ನೇ ನೋಡಿ. ಒಂದೇ ಕಡೆ ಟಯರಿನ ಕಪ್ಪು ಕಮಾನುಗಳು ಒಂದರ ಮೇಲೊಂದು ಬಿದ್ದಿದ್ದರೆ, ಕೊನೆಯ ಸ್ಲಾಟು ಯಾವಾಗಲೂ ಖಾಲಿಯಿದ್ದರೆ, ನಿಮ್ಮ ದಾರಿ ಕಿರಿದಾಗಿದೆ. ಒಂದೆರಡು ಸ್ಲಾಟು ಕಳೆದು ಹೊಸದಾಗಿ ಗೆರೆ ಹಾಕಿಸಿ.