ಕಳೆದುಕೊಂಡ ಅಂಕಗಳ ಖಾತೆ

ವಿಟಿಯು 2018ರ ಸ್ಕೀಮಿನ ಮೂರನೇ ಸೆಮಿಸ್ಟರ್ ಗಣಿತವನ್ನೇ ತೆಗೆದುಕೊಳ್ಳೋಣ. ಐದು ಮಾಡ್ಯೂಲ್; ಪ್ರತಿಯೊಂದರಲ್ಲೂ 20 ಅಂಕದ ಎರಡು ಪ್ರಶ್ನೆ, ಬರೆಯಬೇಕಾದದ್ದು ಒಂದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಎಲ್ಲರೂ ಬಿಡಿಸುತ್ತಾರೆ. ಆದರೆ ಎಲ್ಲಿ, ಯಾಕೆ ಅಂಕ ಹೋಯಿತು ಎಂದು ಬರೆದಿಡುವವರು ಕಡಿಮೆ.

ಅದಕ್ಕೆ ಎಕ್ಸೆಲ್ ಅಥವಾ ಗೂಗಲ್ ಶೀಟಿನ ಆರು ಕಾಲಂ ಸಾಕು: ತಾರೀಖು, ವಿಷಯ, ಪ್ರಶ್ನೆ, ಒಟ್ಟು ಅಂಕ, ಹೋದ ಅಂಕ, ಕಾರಣ. ಕಾರಣವನ್ನು ಮಾತ್ರ ತೋಚಿದಂತೆ ಬರೆಯಬಾರದು. ಒಂದು ದಿನ ‘ಚಿಹ್ನೆ ತಪ್ಪು’, ಇನ್ನೊಂದು ದಿನ ‘ಮೈನಸ್ ಬಿಟ್ಟೆ’ ಎಂದು ಬರೆದರೆ ಶೀಟು ಅವನ್ನು ಬೇರೆಬೇರೆಯಾಗಿಯೇ ಎಣಿಸುತ್ತದೆ. ಲೆಕ್ಕ, ವಿಧಾನ, ಓದು, ಸಮಯ ಎಂಬ ನಾಲ್ಕೇ ಪದಗಳ ಡ್ರಾಪ್‌ಡೌನ್ ಇಟ್ಟುಕೊಳ್ಳಿ. ಒಂದೇ ಪ್ರಶ್ನೆಯಲ್ಲಿ ಎರಡು ಕಾರಣಕ್ಕೆ ಅಂಕ ಹೋದರೆ ಎರಡು ಸಾಲು ಬರೆಯಿರಿ. ಒಟ್ಟು ಅಂಕವನ್ನು ಮೊದಲ ಸಾಲಿನಲ್ಲಷ್ಟೇ ಹಾಕಿ, ಇಲ್ಲದಿದ್ದರೆ ಅದು ಎರಡು ಸಲ ಕೂಡಿಕೊಳ್ಳುತ್ತದೆ.

ಸೆಮಿಸ್ಟರ್ ಅರ್ಧ ಕಳೆದಾಗ ಶೀಟು ಹೀಗಿದೆ ಎಂದುಕೊಳ್ಳಿ: ಫೋರಿಯರ್ ಸರಣಿಯಲ್ಲಿ 160ಕ್ಕೆ 40 ಅಂಕ ಹೋಗಿದೆ, ಲ್ಯಾಪ್ಲಾಸ್‌ನಲ್ಲಿ 60ಕ್ಕೆ 24. ಹೋದ ಅಂಕವನ್ನಷ್ಟೇ ನೋಡಿದರೆ ಫೋರಿಯರ್ ಕಷ್ಟವೆನಿಸುತ್ತದೆ. ಅಲ್ಲಿ ಹೆಚ್ಚು ಹೋಗಿರುವುದು ಹೆಚ್ಚು ಬಿಡಿಸಿದ್ದಕ್ಕೆ. ಆದ್ದರಿಂದ ಭಾಗಿಸಿಯೇ ನೋಡಬೇಕು:

```
=SUMIFS(E:E,B:B,"ಲ್ಯಾಪ್ಲಾಸ್")/SUMIFS(D:D,B:B,"ಲ್ಯಾಪ್ಲಾಸ್")
```

ಲ್ಯಾಪ್ಲಾಸ್ ಶೇ 40, ಫೋರಿಯರ್ ಶೇ 25. ಇನ್ನು ಕಾರಣದ ಕಾಲಂ. ಫೋರಿಯರ್‌ನಲ್ಲಿ ಹೋದದ್ದರಲ್ಲಿ ಬಹುಪಾಲು ‘ಲೆಕ್ಕ’: ಭಾಗಶಃ ಅನುಕಲನದಲ್ಲಿ ಚಿಹ್ನೆ ತಪ್ಪಿದೆ. ಅದಕ್ಕೆ ಮತ್ತೆ ಪಾಠ ಕೇಳುವ ಅಗತ್ಯವಿಲ್ಲ, ಪ್ರತಿ ಹೆಜ್ಜೆಯನ್ನೂ ಬಿಡದೆ ಬರೆಯುವ ಅಭ್ಯಾಸ ಬೇಕು. ಲ್ಯಾಪ್ಲಾಸ್‌ನಲ್ಲಿ ಹೋದ 24ರಲ್ಲಿ 18 ‘ವಿಧಾನ’, ಅದೂ ಯೂನಿಟ್ ಸ್ಟೆಪ್ ಫಲನದ ಪ್ರಶ್ನೆಗಳಲ್ಲೇ. `t·u(t-2)` ಕಂಡೊಡನೆ `e^(-2s)/s^2` ಎಂದು ಬರೆದುಬಿಟ್ಟಿದ್ದಾರೆ. ಮೊದಲು `t` ಅನ್ನು `(t-2)+2` ಎಂದು ಒಡೆದುಕೊಳ್ಳಬೇಕಿತ್ತು. ಸರಿಯಾದ ಉತ್ತರ `e^(-2s)(1/s^2+2/s)`. ಈ ಒಂದು ಹೆಜ್ಜೆ ತಿಳಿಯದಿರುವುದೇ ಆ 18 ಅಂಕಗಳ ಮೂಲ. ನನ್ನ ಮಟ್ಟಿಗೆ ಇಡೀ ಶೀಟಿನಲ್ಲಿ ಅತ್ಯಂತ ಬೆಲೆಬಾಳುವ ಕಾಲಂ ಇದೇ.

ಶೀಟು ದಾರಿ ತಪ್ಪಿಸುವುದೂ ಉಂಟು. ನಮಗೆ ನಾವೇ ಅಂಕ ಹಾಕಿಕೊಳ್ಳುವಾಗ ಕೈ ಧಾರಾಳವಾಗುತ್ತದೆ. ಗೆಳೆಯರ ಜೊತೆ ಉತ್ತರ ಅದಲುಬದಲು ಮಾಡಿ ತಿದ್ದಿಸಿಕೊಳ್ಳುವುದು ವಾಸಿ. ಅದೇ ಪ್ರಶ್ನೆಯನ್ನು ಎರಡನೇ ಸಲ ಬಿಡಿಸಿದಾಗ ಬರುವ ಪೂರ್ಣ ಅಂಕದಲ್ಲಿ ನೆನಪಿನ ಪಾಲೂ ಇರುತ್ತದೆ. ಅದನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಇವೆರಡಕ್ಕಿಂತ ಅಪಾಯ ಬರೆಯದೇ ಉಳಿದ ಸಾಲು. ಆಯ್ಕೆ ಇದೆಯೆಂದು ಯೂನಿಟ್ ಸ್ಟೆಪ್ ಪ್ರಶ್ನೆಗಳನ್ನು ಮುಟ್ಟದೇ ಬಿಟ್ಟವರ ಶೀಟಿನಲ್ಲಿ ಲ್ಯಾಪ್ಲಾಸ್ ನಷ್ಟ ತೀರಾ ಕಡಿಮೆ ಕಾಣುತ್ತದೆ. ಹಾಗಾಗಿ ಸೆಮಿಸ್ಟರಿನ ಮೊದಲ ವಾರವೇ ಸಿಲಬಸ್‌ನ ಎಲ್ಲ ಉಪವಿಷಯಗಳನ್ನೂ ಪಟ್ಟಿ ಮಾಡಿ, ಪಕ್ಕದಲ್ಲಿ ಬಿಡಿಸಿದ ಪ್ರಶ್ನೆಗಳ ಸಂಖ್ಯೆ ಬರುವಂತೆ ಮಾಡಿಕೊಳ್ಳಬೇಕು. ಸೊನ್ನೆ ಇದ್ದಲ್ಲಿ ಮುಂದಿನ ವಾರ ಎರಡು ಪ್ರಶ್ನೆಯಾದರೂ ಬಿಡಿಸಿ ನೋಡಬೇಕು.