ಸೂರ್ಯಕಾಂತಿ ಮೊಟ್ಟೆಯಾಗಿದ್ದು ಹೇಗೆ?

ಗುಂಡ್ಲುಪೇಟೆಯಲ್ಲಿ ನಮ್ಮಕ್ಕನದು ಪುಟ್ಟ ಟೈಲರಿಂಗ್ ಅಂಗಡಿ. ಕಳೆದ ವರ್ಷ ಊರಿನ ವಾಲಿಬಾಲ್ ಹುಡುಗರು ಬಂದು, ಹದಿನಾಲ್ಕು ಟೀ ಶರ್ಟ್ ಕೊಟ್ಟು, ಎದೆಯ ಮೇಲೆ ಒಂದು ಸೂರ್ಯಕಾಂತಿ ಹೂವು, ಕೆಳಗೆ ಕನ್ನಡದಲ್ಲಿ ‘ಗುಂಡ್ಲುಪೇಟೆ’ ಅಂತ ಎಂಬ್ರಾಯ್ಡರಿ ಆಗಬೇಕು ಅಂದರು. ಮಳೆಗಾಲದಲ್ಲಿ ನಮ್ಮ ಕಡೆಯ ಹೊಲಗಳನ್ನು ನೋಡಿದವರಿಗೆ ಆ ಹೂವೇ ಯಾಕೆ ಅಂತ ಹೇಳಬೇಕಾಗಿಲ್ಲ. ಅಕ್ಕ ಅಡ್ವಾನ್ಸ್ ತಗೊಂಡು, ಬೆಂಗಳೂರಿನಲ್ಲಿದ್ದ ನನಗೆ ಫೋನ್ ಮಾಡಿದಳು. “ಕಂಪ್ಯೂಟರ್ ಮಿಶನ್ನು ಚಾಮರಾಜನಗರದಲ್ಲಿ ಅದೆ. ಫೈಲ್ ಕೊಟ್ರೆ ಹಾಕ್ಕೊಡ್ತಾರಂತೆ. ನೀನು ಎಂಜಿನಿಯರ್ ತಾನೆ, ಒಂದು ಫೈಲ್ ಮಾಡ್ಕೊಡ್ಲಾ” ಅಂದಳು.

ಒಂದು ಚಿತ್ರವನ್ನು ಮಿಶನ್ ಓದುವ ಫೈಲ್ ಮಾಡೋದು ಅಂದರೆ ಸೇವ್ ಆ್ಯಸ್ ಒತ್ತೋದು ಅಂದುಕೊಂಡಿದ್ದೆ. ಇಂಕ್‌ಸ್ಕೇಪ್ ಅನ್ನೋ ಉಚಿತ ಡ್ರಾಯಿಂಗ್ ಸಾಫ್ಟ್‌ವೇರ್‌ಗೆ ಇಂಕ್‌ಸ್ಟಿಚ್ ಅಂತ ಒಂದು ಉಚಿತ ಎಕ್ಸ್‌ಟೆನ್ಶನ್ ಇದೆ. ಅದನ್ನು ಹಾಕಿಕೊಂಡು ಶನಿವಾರ ರಾತ್ರಿ ಹೂವು ಬರೆದೆ. ಮಧ್ಯೆ 24 ಮಿಲಿಮೀಟರ್ ಅಗಲದ ಕಂದು ವೃತ್ತ, ಸುತ್ತ ಹಳದಿ ಎಸಳು, ಕೆಳಗೆ ಹಸಿರು ಅಕ್ಷರ. ಸ್ಕ್ರೀನ್ ಮೇಲೆ ಬಹಳ ಚೆನ್ನಾಗಿತ್ತು.

ಮುಂದಿನ ವಾರ ಊರಿಗೆ ಹೋಗಿ, ತೆರಕಣಾಂಬಿ ಮೇಲೆ ಹೋಗೋ ಬಸ್ ಹತ್ತಿ ಚಾಮರಾಜನಗರಕ್ಕೆ ಹೋದೆವು. ಮಿಶನ್ ನಡೆಸುವವರು ಬುದ್ಧಿವಂತರು. “ಮೊದಲು ಹಳೇ ಶರ್ಟ್ ಮೇಲೆ ಹಾಕೋಣ ಸಾರ್” ಅಂದರು. ಅಕ್ಕನ ಮಗನ ಹಳೇ ಟೀ ಶರ್ಟನ್ನು ಫ್ರೇಮಿಗೆ ಬಿಗಿದು ಹಾಕಿದರು. ಫ್ರೇಮಿನಿಂದ ತೆಗೆದ ಮೇಲೆ ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, “ಏನ್ಲಾ ಇದು, ಹೂವು ಮೊಟ್ಟೆ ಆಗ್ಬುಟ್ಟದೆ” ಅಂದಳು.

ನಿಜ. ಕಂದು ವೃತ್ತ ನಿಂತ ಮೊಟ್ಟೆಯಂತಾಗಿತ್ತು. ಎಡಕ್ಕೂ ಬಲಕ್ಕೂ ವೃತ್ತಕ್ಕೂ ಎಸಳಿಗೂ ನಡುವೆ ಬಿಳಿ ಬಟ್ಟೆ ಇಣುಕುತ್ತಿತ್ತು. ಮೇಲೆ ಕೆಳಗೆ ಮಾತ್ರ ಎರಡೂ ಒಂದರ ಮೇಲೊಂದು ಹತ್ತಿ ಕೂತಿದ್ದವು. ಸುತ್ತಲಿನ ಬಟ್ಟೆ ನಿರಿಗೆ ಬಿದ್ದಿತ್ತು. ಸ್ಕೇಲ್ ಇಟ್ಟು ಅಳೆದರೆ ಅಗಲ ಸುಮಾರು 23, ಎತ್ತರ 24ಕ್ಕಿಂತ ಸ್ವಲ್ಪ ಜಾಸ್ತಿ. ಫೈಲಿನಲ್ಲಿ ನೋಡಿದರೆ ಎರಡೂ 24.

ಮಿಶನ್ ಕೆಟ್ಟಿದೆಯಾ ಅಂತ ಮೊದಲು ನನಗೂ ಅನುಮಾನ ಬಂತು. ಆಪರೇಟರ್ ಶರ್ಟನ್ನು ತಿರುಗಿಸಿ ಹಿಂಭಾಗ ತೋರಿಸಿದರು. ಎಸಳುಗಳ ಹಿಂದೆ ನಡುವಿನ ಮೂರನೇ ಒಂದು ಭಾಗದಷ್ಟು ಬಿಳಿ ಬಾಬಿನ್ ದಾರ, ಎರಡು ಅಂಚಿಗೆ ಹಳದಿ ದಾರ ಕಾಣುತ್ತಿತ್ತು. ಹಾಗೆ ಕಂಡರೆ ದಾರದ ಬಿಗಿ ಸರಿಯಾಗಿದೆ ಅಂತ ಅರ್ಥ. ಬಾಬಿನ್ ದಾರ ಮುಂಭಾಗಕ್ಕೆ ಬಂದಿದ್ದರೆ ಮಿಶನ್ನಿನ ಟೆನ್ಶನ್ ನೋಡಬೇಕಿತ್ತು. ಇಲ್ಲಿ ತಪ್ಪು ನನ್ನ ಫೈಲಿನದೇ.

ಕಾರಣ ಬಹಳ ಸರಳ. ಹೊಲಿಗೆ ಅಂದರೆ ಬಿಗಿಯಾಗಿ ಎಳೆದ ದಾರ. ಸೂಜಿ ಒಂದು ಕಡೆ ಇಳಿದು ಇನ್ನೊಂದು ಕಡೆ ಇಳಿದಾಗ, ನಡುವಿನ ದಾರ ಆ ಎರಡು ತೂತುಗಳನ್ನು ಹತ್ತಿರಕ್ಕೆ ಎಳೆಯುತ್ತೆ. ಹೊಲಿಗೆ ಯಾವ ದಿಕ್ಕಿಗೆ ಹೋಗುತ್ತೋ ಆ ದಿಕ್ಕಿನಲ್ಲಿ ಆಕಾರ ಕುಗ್ಗುತ್ತೆ. ಸಾಲಿನ ಪಕ್ಕ ಸಾಲು ಒತ್ತೊತ್ತಾಗಿ ಕೂರೋದರಿಂದ ಅದಕ್ಕೆ ಅಡ್ಡ ದಿಕ್ಕಿನಲ್ಲಿ ಬಟ್ಟೆ ಆಚೆಗೆ ತಳ್ಳಲ್ಪಡುತ್ತೆ. ನನ್ನ ವೃತ್ತದೊಳಗೆ ಸಾಲುಗಳು ಎಡದಿಂದ ಬಲಕ್ಕಿದ್ದವು. ಹಾಗಾಗಿ ಅಗಲ ಕುಗ್ಗಿತು, ಎತ್ತರ ಬೆಳೆಯಿತು. ಸೀರೆಯ ದಪ್ಪ ರೇಷ್ಮೆಗಿಂತ ಟೀ ಶರ್ಟಿನ ಹೆಣೆದ ಬಟ್ಟೆಯಲ್ಲಿ ಇದು ಹೆಚ್ಚು, ಯಾಕೆಂದರೆ ಆ ಬಟ್ಟೆಯೇ ಎಳೆದರೆ ಬರುವಂಥದ್ದು.

ಈ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ಆಕಾರವನ್ನು ಅಷ್ಟು ದಪ್ಪ ಮಾಡಿ ಕೊಡೋದಕ್ಕೆ ಪುಲ್ ಕಾಂಪೆನ್ಸೇಶನ್ ಅಂತಾರೆ. ಒಂದು ಮಿಲಿಮೀಟರ್ ಕುಗ್ಗಿದೆಯಲ್ಲ, ಒಂದು ಮಿಲಿಮೀಟರ್ ಸೇರಿಸಿಬಿಡೋಣ ಅಂತ ಲ್ಯಾಪ್‌ಟಾಪ್ ತೆಗೆದೆ. ಆಪರೇಟರ್ ತಡೆದರು. “ಮೊದ್ಲು ಎಳೆಯೋದನ್ನ ಕಮ್ಮಿ ಮಾಡಿ ಸಾರ್. ಆಮೇಲೆ ಉಳಿದಿದ್ದಕ್ಕೆ ಸೇರ್ಸಿ.” ಬಗ್ ಇರೋ ಕಡೆ ಬಿಟ್ಟು ಔಟ್‌ಪುಟ್ ತಿದ್ದೋ ನಮ್ಮ ಆಫೀಸಿನವರಿಗೆಲ್ಲ ಈ ಮಾತು ಕೇಳಿಸಬೇಕು ಅನ್ನಿಸಿತು.

ಎಳೆತ ಕಮ್ಮಿ ಮಾಡೋಕೆ ಮೊದಲು ಡೆನ್ಸಿಟಿ ನೋಡಿದೆವು. ಎರಡು ಸಾಲುಗಳ ನಡುವಿನ ಅಂತರವನ್ನೇ ಡೆನ್ಸಿಟಿ ಅಂತ ಕರೆಯೋದು ರೂಢಿ. ಅದಕ್ಕೇ ಸಂಖ್ಯೆ ಚಿಕ್ಕದಾದಷ್ಟೂ ಹೊಲಿಗೆ ದಟ್ಟ, ಹೊಸಬರು ಉಲ್ಟಾ ಹೊಡೆಯೋದೇ ಇಲ್ಲಿ. ಬಟ್ಟೆ ಕಾಣಬಾರದು ಅಂತ ನಾನು 0.25 ಮಿ.ಮೀ. ಇಟ್ಟಿದ್ದೆ. ಎಂಬ್ರಾಯ್ಡರಿಗೆ ಸಾಮಾನ್ಯವಾಗಿ ಬಳಸುವ 40 ನಂಬರಿನ ದಾರ ಸುಮಾರು 0.4 ಮಿ.ಮೀ. ಜಾಗ ಮುಚ್ಚುತ್ತೆ. ಅಂದರೆ ದಾರಕ್ಕೆ ಕೂರೋಕೇ ಜಾಗವಿಲ್ಲದ ಕಡೆ ನಾನು ಸೂಜಿ ಇಳಿಸಿದ್ದೆ. ಲೆಕ್ಕ ಹಾಕಿ ನೋಡಿ. 24 ಮಿ.ಮೀ. ವೃತ್ತದ ವಿಸ್ತೀರ್ಣ ಸುಮಾರು 452 ಚದರ ಮಿ.ಮೀ. ಒಂದೊಂದು ಹೊಲಿಗೆ 3 ಮಿ.ಮೀ. ಉದ್ದ ಅಂದರೆ, 0.25ಕ್ಕೆ ಸುಮಾರು 600 ಹೊಲಿಗೆ, 0.4ಕ್ಕೆ ಸುಮಾರು 375. ತೆಳು ಟೀ ಶರ್ಟಿನ ಮೇಲೆ ಸುಮ್ಮಸುಮ್ಮನೆ ಇನ್ನೂರಕ್ಕೂ ಹೆಚ್ಚು ತೂತು. ನಿರಿಗೆ ಬಿದ್ದಿದ್ದಕ್ಕೆ ಇದೊಂದು ಮುಖ್ಯ ಕಾರಣ. ಅತಿಯಾದರೆ ಸೂಜಿಯೇ ಬಟ್ಟೆಯನ್ನು ಕತ್ತರಿಸುತ್ತೆ, ಹೊಲಿಗೆ ಬಿಚ್ಚಿದರೂ ತೂತು ಹೋಗಲ್ಲ. ಶರ್ಟ್ ಗಿರಾಕಿಯದು ಅನ್ನೋದು ಆಗ ನೆನಪಾಗಿ ಸ್ವಲ್ಪ ಬೆವರಿದೆ.

ಎರಡನೆಯದು ಅಡಿ ಹೊಲಿಗೆ. ಇದಕ್ಕೆ ಅಂಡರ್‌ಲೇ ಅಂತಾರೆ. ಮೇಲಿನ ಹೊಲಿಗೆ ಶುರುವಾಗುವ ಮುಂಚೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ವಿರಳವಾಗಿ ಒಂದು ಸುತ್ತು ಹೊಲಿಗೆ ಹೋಗುತ್ತೆ. ಅದು ಬಟ್ಟೆಯನ್ನು ಅಡಿಯಲ್ಲಿರುವ ಪೇಪರಿಗೆ ಅಂಟಿಸಿದ ಹಾಗೆ ಹಿಡಿಯುತ್ತೆ. ನಾನು ಅದನ್ನು ಆಫ್ ಮಾಡಿದ್ದೆ, ದಾರ ಉಳಿಯಲಿ ಅಂತ! ಜೊತೆಗೆ ಅಡಿಗೆ ಹಾಕಿದ್ದ ಹರಿಯೋ ಪೇಪರ್ ತೆಗೆದು, ಕತ್ತರಿಯಿಂದಲೇ ಕತ್ತರಿಸಬೇಕಾದ ದಪ್ಪನೆಯದನ್ನು ಹಾಕಿದರು. ಫ್ರೇಮಿಗೆ ಹಾಕುವಾಗಲೂ ಬಟ್ಟೆಯನ್ನು ತಮಟೆ ಥರ ಎಳೆದು ಬಿಗಿಯಲಿಲ್ಲ. ಹೆಣೆದ ಬಟ್ಟೆಯನ್ನು ಎಳೆದು ಬಿಗಿದರೆ ಫ್ರೇಮಿನಿಂದ ಬಿಟ್ಟ ಕೂಡಲೇ ಅದು ವಾಪಸ್ ಕುಗ್ಗಿ, ಹೊಲಿಗೆ ಸುತ್ತ ಸುಕ್ಕು ಉಳಿಯುತ್ತೆ.

ಇಷ್ಟಾದ ಮೇಲೆ ಮತ್ತೆ ಹಾಕಿದರೆ ಅಗಲ 23.4, ಎತ್ತರ 24.2 ಬಂತು. ಉಳಿದಿದ್ದು ಅಗಲದಲ್ಲಿ 0.6ರ ಕೊರತೆ, ಎತ್ತರದಲ್ಲಿ 0.2ರ ಹೆಚ್ಚಳ. ಇಂಕ್‌ಸ್ಟಿಚ್‌ನಲ್ಲಿ ಇಂಥ ತುಂಬು ಹೊಲಿಗೆಗೆ Expand ಅಂತ ಒಂದು ಆಯ್ಕೆ ಇದೆ, ಆದರೆ ಅದು ಎಲ್ಲಾ ಕಡೆಗೂ ಒಂದೇ ಸಮ ಹಿಗ್ಗಿಸುತ್ತೆ. ನಮಗೆ ಬೇಕಿದ್ದು ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಕುಗ್ಗು. ಹಾಗಾಗಿ ವೃತ್ತವನ್ನೇ ಅಳಿಸಿ 24.6 ಅಗಲ, 23.8 ಎತ್ತರದ, ಮಲಗಿದ ಮೊಟ್ಟೆ ಬರೆದೆ. ಬಟ್ಟೆ ಮೇಲೆ ಅದು ದುಂಡಗೆ ಬಂತು. ಕ್ರಮವನ್ನೂ ಬದಲಿಸಿದೆ. ಮೊದಲು ಎಸಳು, ಆಮೇಲೆ ವೃತ್ತ, ಎಸಳಿನ ಬುಡ ವೃತ್ತದ ಅಡಿಗೆ ಒಂದು ಮಿಲಿಮೀಟರ್ ಹೋಗುವ ಹಾಗೆ. ಎರಡು ಬಣ್ಣ ಸರಿಯಾಗಿ ಅಂಚಿಗೆ ಅಂಚು ತಾಗಲಿ ಅಂತ ಬರೆಯೋದು ಕಾಗದದ ಮೇಲೆ ಸರಿ, ಬಟ್ಟೆ ಮೇಲೆ ಒಂದರಡಿ ಇನ್ನೊಂದು ಹೋಗಲೇಬೇಕು.

ಎಸಳುಗಳಿಗೆ ಬೇರೆ ಹೊಲಿಗೆ. ವೃತ್ತದಂಥ ಅಗಲ ಜಾಗಕ್ಕೆ ಚಿಕ್ಕ ಚಿಕ್ಕ ಹೊಲಿಗೆಗಳ ಸಾಲು ತುಂಬುವ ಟಾಟಾಮಿ ಬೇಕು. ಎಸಳಿಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ನೆಗೆತದಲ್ಲಿ ಹೋಗುವ ಸ್ಯಾಟಿನ್ ಚೆಂದ, ಹೊಳಪು ಬರೋದು ಅದರಲ್ಲೇ. ಅಗಲ 7 ಮಿ.ಮೀ. ದಾಟಿದರೆ ಮಾತ್ರ ಆ ಉದ್ದ ದಾರ ಸಡಿಲವಾಗಿ ಬೆರಳಿಗೆ, ಬ್ಯಾಗಿಗೆ ಸಿಕ್ಕಿಕೊಳ್ಳುತ್ತೆ. ನಮ್ಮ ಎಸಳು 6 ಇತ್ತು, ಬಚಾವ್.

ನಿಜವಾದ ತಲೆನೋವು ಅಕ್ಷರ. ಹೂವಿನ ಅಗಲಕ್ಕೇ ಹೊಂದಲಿ ಅಂತ ಅಕ್ಷರಗಳನ್ನು 7 ಮಿ.ಮೀ. ಎತ್ತರಕ್ಕೆ ಇಟ್ಟಿದ್ದೆ. ‘ಗುಂ’ ಅನ್ನೋದರ ಸೊನ್ನೆ ಮುಚ್ಚಿ ಹಸಿರು ಗಂಟಾಗಿತ್ತು. ‘ಡ್ಲು’ವಿನ ಒತ್ತು ಏನೆಂದೇ ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರ 5-6 ಮಿ.ಮೀ.ಗೂ ಓದೋ ಹಾಗೆ ಬರುತ್ತೆ. ನಮ್ಮ ಲಿಪಿ ಪೂರ್ತಿ ಸುರುಳಿ, ಅದರ ಮೇಲೆ ಒತ್ತು ಬೇರೆ. ನಮ್ಮ ಹೆಸರಿನಲ್ಲಿ ‘ಧ’ ಇಲ್ಲದ್ದು ಪುಣ್ಯ. ಅದರ ಕೆಳಗಿನ ಸೀಳು ಮುಚ್ಚಿದರೆ ‘ಧ’ ಹೋಗಿ ‘ದ’ ಆಗಿಬಿಡುತ್ತೆ. ‘ಢ’ ಹೋಗಿ ‘ಡ’ ಆಗೋದೂ ಹಾಗೇ.

ಸೊನ್ನೆಯನ್ನೇ ನೋಡಿ. ಹೊರ ಅಗಲ 3 ಮಿ.ಮೀ., ಗೆರೆ 1.2 ಅಂದರೆ ಒಳಗೆ ಉಳಿದ ತೂತು 0.6 ಮಾತ್ರ, ದಾರದ ಒಂದೂವರೆ ಅಗಲ. ಜೊತೆಗೆ ಇನ್ನೊಂದು ತೊಂದರೆ. ಸ್ಯಾಟಿನ್ ಸುತ್ತಿಕೊಂಡು ಹೋಗುವಾಗ ಹೊರ ಅಂಚಿನಲ್ಲಿ 0.4 ಅಂತರವಿದ್ದರೆ ಒಳ ಅಂಚಿನಲ್ಲಿ ಅಷ್ಟೇ ಹೊಲಿಗೆಗಳು ಚಿಕ್ಕ ಸುತ್ತಿನಲ್ಲಿ ತುರುಕಿಕೊಳ್ಳುತ್ತವೆ. ಹಾಗಾಗಿ ಅಕ್ಷರವನ್ನು 12 ಮಿ.ಮೀ.ಗೆ ಏರಿಸಿದೆ. ಸೊನ್ನೆ ಸುಮಾರು 5 ಮಿ.ಮೀ. ಆಯಿತು, ಗೆರೆ 1.4, ತೂತು 2.2. ಆಗಲೂ ಒಳ ಅಂಚಿನ ಅಂತರ 0.18 ಸುತ್ತಲೇ ಇತ್ತು. ಅದಕ್ಕೆ Short stitch inset ಅನ್ನೋ ಸೆಟ್ಟಿಂಗ್ ಬಳಸಿದೆ. ಒತ್ತೊತ್ತಾಗುವ ಕಡೆ ಒಂದು ಹೊಲಿಗೆ ಬಿಟ್ಟು ಇನ್ನೊಂದು ಒಳ ಅಂಚಿನ ತನಕ ಹೋಗದೆ ಸ್ವಲ್ಪ ಮುಂಚೆಯೇ ಇಳಿಯುತ್ತೆ. ಒತ್ತಕ್ಷರದ ಗೆರೆ ಒಂದು ಮಿ.ಮೀ.ಗಿಂತ ತೆಳು, ಅಲ್ಲಿ ಸ್ಯಾಟಿನ್ ಬಿಟ್ಟು ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಹೋಗುವ ಬೀನ್ ಸ್ಟಿಚ್ ಹಾಕಿದೆ.

ಅಕ್ಷರದ ಸ್ಯಾಟಿನ್‌ಗೆ Pull compensation ಪ್ರತಿ ಬದಿಗೆ 0.15 ಕೊಟ್ಟೆ. ಎಳೆತ ಸುಮಾರು ಒಂದೇ ಅಳತೆಯದ್ದಾದರೂ ಅದರ ಪರಿಣಾಮ ಒಂದೇ ಅಲ್ಲ. 6 ಮಿ.ಮೀ. ಎಸಳಿನಲ್ಲಿ 0.3 ಹೋದರೆ ಕಣ್ಣಿಗೆ ಬೀಳಲ್ಲ, 1.4ರ ಗೆರೆಯಲ್ಲಿ ಹೋದರೆ ಐದನೇ ಒಂದು ಭಾಗವೇ ಹೋಯಿತು. ಆದರೆ ಹೆಚ್ಚು ಕೊಟ್ಟರೆ ಗೆರೆ ಒಳಗೂ ಹಿಗ್ಗಿ ಮತ್ತೆ ತೂತು ಮುಚ್ಚುತ್ತೆ. 0.3 ಕೊಟ್ಟು ನೋಡಿದ್ದೆ, ‘ಪೇ’ ತುಂಬಿಕೊಂಡು ಕೂತಿತ್ತು.

ಇಷ್ಟು ಹೊತ್ತಿಗೆ ಹಳೇ ಶರ್ಟಿನ ಮೇಲೆ ಐದು ಸೂರ್ಯಕಾಂತಿ ಅರಳಿದ್ದವು. ಟೀಮಿನ ಕ್ಯಾಪ್ಟನ್‌ಗೆ ಫೋಟೋ ಕಳಿಸಿದರೆ, “ಅಣ್ಣ ಸೂಪರ್, ಸ್ವಲ್ಪ ದೊಡ್ಡದಾಗಿ ಬರ್ಲಿ” ಅಂದ. ಮಿಶನ್ನಿನಲ್ಲೇ 120 ಪರ್ಸೆಂಟ್ ಮಾಡಿಬಿಡಿ ಅಂದೆ. ಅದೂ ಆಗಲ್ಲ. ಮಿಶನ್ನಿಗೆ ಕೊಡುವ .dst ಫೈಲಿನಲ್ಲಿ ವೃತ್ತವೂ ಇಲ್ಲ, ಅಕ್ಷರವೂ ಇಲ್ಲ. ಸೂಜಿ ಮುಂದೆ ಎಷ್ಟು ಜರುಗಬೇಕು ಅನ್ನೋದು 0.1 ಮಿ.ಮೀ. ಲೆಕ್ಕದಲ್ಲಿ ಸಾಲಾಗಿ ಇರುತ್ತೆ, ಅಷ್ಟೇ. ಬಣ್ಣ ಯಾವುದು ಅಂತಲೂ ಇಲ್ಲ, ಇಲ್ಲಿ ನಿಲ್ಲಿಸಿ ಬದಲಿಸು ಅಂತ ಮಾತ್ರ. ಹಿಗ್ಗಿಸಿದರೆ ಹೊಲಿಗೆ ಸಂಖ್ಯೆ ಅಷ್ಟೇ ಉಳಿದು 0.4 ಅಂತರ 0.48 ಆಗುತ್ತೆ, ನಡುವೆ ಬಟ್ಟೆ ಕಾಣುತ್ತೆ. ಮೂಲ ಫೈಲಿಗೇ ಹೋಗಿ ದೊಡ್ಡದು ಮಾಡಿ, ಹೊಲಿಗೆ ಹೊಸದಾಗಿ ಲೆಕ್ಕ ಹಾಕಿಸಬೇಕು. ಅದಕ್ಕಿಂತ ಕ್ಯಾಪ್ಟನ್‌ನ ಒಪ್ಪಿಸೋದೇ ಸುಲಭ ಅನ್ನಿಸಿ ಒಪ್ಪಿಸಿದೆ.

ಹದಿನಾಲ್ಕೂ ಶರ್ಟ್ ಮರುದಿನ ಸಂಜೆಗೆ ಮುಗಿದವು. ಒಂದರಲ್ಲಿ ಮಾತ್ರ ಹಳದಿ ದಾರ ತುಂಡಾಗಿ ಒಂದು ಎಸಳು ಮತ್ತೆ ಹಾಕಬೇಕಾಯಿತು. ಆ ಹಳೇ ಟೀ ಶರ್ಟನ್ನು ಅಕ್ಕ ಅಂಗಡಿಯ ಗೋಡೆಗೆ ನೇತು ಹಾಕಿದ್ದಾಳೆ, ಒಂದೊಂದು ಹೂವಿನ ಪಕ್ಕ ಅಳತೆಯನ್ನು ಪೆನ್ನಿನಲ್ಲಿ ಬರೆದು. ಮೊನ್ನೆ ಫೋನ್ ಮಾಡಿ, ಯಾರೋ ವೆಲ್ವೆಟ್ ಬಟ್ಟೆ ತಂದು ಇದೇ ಹೂವು ಬೇಕು ಅಂದರು, ಹಳೇ ಫೈಲೇ ಕೊಡಲಾ ಅಂತ ಕೇಳಿದಳು. ವೆಲ್ವೆಟ್‌ನ ರೋಮದೊಳಗೆ ಹೊಲಿಗೆ ಮುಳುಗುತ್ತೆ, ಅಂಡರ್‌ಲೇ ಬೇರೆ ಬೇಕು, ಮೊದಲು ಅದೇ ಬಟ್ಟೆಯ ಒಂದು ತುಂಡು ಇಸ್ಕೊ ಅಂದೆ.