ಸಂಬಳದ 60 ಪಟ್ಟು ಗೃಹಸಾಲ ಸಿಗುತ್ತದೆಯೇ? ಲೆಕ್ಕ ಹಾಕಿ ನೋಡೋಣ

‘ಕೈಗೆ ಬರುವ ಸಂಬಳವನ್ನು 60ರಿಂದ ಗುಣಿಸಿ, ಅಷ್ಟು ಗೃಹಸಾಲ ನಿಮ್ಮದು. ಮನೆ ಬೆಲೆಯ ಶೇ 20ರಷ್ಟು ಕೈಯಲ್ಲಿದ್ದರೆ ಸಾಕು.’ ವಾಟ್ಸ್‌ಆ್ಯಪ್‌ ಗುಂಪುಗಳಲ್ಲಿ ಇಂಥ ಸುಲಭ ಸೂತ್ರ ಆಗಾಗ ಬರುತ್ತದೆ. ಇದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಲೆಕ್ಕ. ಉಳಿದ ಅರ್ಧವನ್ನು ಒಂದು ಉದಾಹರಣೆಯಲ್ಲಿ ನೋಡೋಣ.

ವಿಜಯನಗರದಲ್ಲಿ ಬಾಡಿಗೆಗಿರುವ ಒಂದು ಕುಟುಂಬ ಎಂದುಕೊಳ್ಳಿ. ಗಂಡ ಹೆಂಡತಿ ಇಬ್ಬರಿಂದ ತಿಂಗಳಿಗೆ ಕೈಗೆ ಬರುವುದು 90,000 ರೂಪಾಯಿ. ಉಳಿತಾಯ 20 ಲಕ್ಷ. ಕಾರಿನ ಸಾಲಕ್ಕೆ ತಿಂಗಳಿಗೆ 9,000 ಹೋಗುತ್ತದೆ. ಮೊದಲೇ ಎತ್ತಿಕೊಂಡ ಚೀಟಿಗೆ ಇನ್ನೂ 20 ತಿಂಗಳು 6,000 ಕಟ್ಟಬೇಕು. ಇವರು ಕೆಂಗೇರಿಯಲ್ಲಿ 60 ಲಕ್ಷದ ಫ್ಲಾಟ್ ನೋಡಿದ್ದಾರೆ.

ಕೈಯಿಂದ ಹಾಕುವ ಹಣ ಸಾಕೇ?

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷ ಮೀರಿ 75 ಲಕ್ಷದವರೆಗಿನ ಸಾಲ ಮನೆ ಬೆಲೆಯ ಶೇ 80 ದಾಟುವಂತಿಲ್ಲ. ಅಂದರೆ ಈ ಫ್ಲಾಟ್‌ಗೆ ಹೆಚ್ಚೆಂದರೆ 48 ಲಕ್ಷ ಸಾಲ, 12 ಲಕ್ಷ ಕೈಯಿಂದ. ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಆದರೆ ನೋಂದಣಿಯ ಖರ್ಚು ಬೇರೆ. ಬೆಂಗಳೂರಿನಲ್ಲಿ 45 ಲಕ್ಷ ಮೀರಿದ ಮನೆಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಸೇರಿ ಶೇ 7.6. ಈ ಫ್ಲಾಟ್‌ಗೆ 4.56 ಲಕ್ಷ. ಸಾಲದ ಮಿತಿ ಲೆಕ್ಕ ಹಾಕುವಾಗ ಬ್ಯಾಂಕ್ ಇದನ್ನು ಮನೆ ಬೆಲೆಗೆ ಸೇರಿಸುವುದಿಲ್ಲ. ಒಟ್ಟು 16.56 ಲಕ್ಷ ಬೇಕು, ಇವರ ಬಳಿ 20 ಲಕ್ಷ ಇದೆ. ಮೊದಲ ಪರೀಕ್ಷೆ ಪಾಸು.

ಕಂತು ಕಟ್ಟಲು ಆಗುತ್ತದೆಯೇ?

ಲೆಕ್ಕಕ್ಕೆ ಶೇ 8.5 ಬಡ್ಡಿ, 20 ವರ್ಷ ಹಿಡಿಯೋಣ. ಒಂದು ಲಕ್ಷ ಸಾಲಕ್ಕೆ ತಿಂಗಳ ಕಂತು ಸುಮಾರು 868 ರೂಪಾಯಿ. 48 ಲಕ್ಷಕ್ಕೆ 41,650 ಆಯಿತು. ಕಾರು, ಚೀಟಿ ಸೇರಿಸಿದರೆ 56,650. ಮನೆ ಖರ್ಚು, ಶಾಲೆ ಫೀಸು, ಔಷಧಿ ಎಲ್ಲದಕ್ಕೂ ಉಳಿಯುವುದು 33,350 ಮಾತ್ರ.

ಸಾಮಾನ್ಯವಾಗಿ ಬ್ಯಾಂಕುಗಳು ಎಲ್ಲ ಕಂತು ಸೇರಿ ಆದಾಯದ ಅರ್ಧದ ಆಸುಪಾಸಿನಲ್ಲಿರಬೇಕು ಎಂದು ನೋಡುತ್ತವೆ. ಆದಾಯ ಹೆಚ್ಚಿದ್ದರೆ ಸ್ವಲ್ಪ ಸಡಿಲಿಸುವುದೂ ಉಂಟು. ಇವರಿಗೆ ಅರ್ಧ ಎಂದರೆ 45,000. ಅದರಲ್ಲಿ 15,000 ಕಳೆದರೆ ಹೊಸ ಕಂತಿಗೆ 30,000 ಉಳಿಯುತ್ತದೆ. ಅದನ್ನು 868ರಿಂದ ಭಾಗಿಸಿದರೆ ಸುಮಾರು 34.5 ಲಕ್ಷ. ‘60 ಪಟ್ಟು’ ಲೆಕ್ಕ ಹೇಳಿದ್ದು 54 ಲಕ್ಷ!

ಬ್ಯಾಂಕಿಗೆ ಕಾಣದ ಬಾಕಿ

ಸಿಬಿಲ್ ವರದಿಯಲ್ಲಿ ಕಾರಿನ ಸಾಲ ಕಾಣುತ್ತದೆ. ಚೀಟಿಯ ಕಂತು, ನೆಂಟರಿಂದ ತಂದ ಕೈಸಾಲ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ಬ್ಯಾಂಕ್ ಇವರಿಗೆ 36,000 ಕಂತು ಹೊಂದುತ್ತದೆಂದು 41.4 ಲಕ್ಷ ಮಂಜೂರು ಮಾಡಬಹುದು. ಆ ಸುಮಾರು 7 ಲಕ್ಷ ವ್ಯತ್ಯಾಸವನ್ನು ಹೊರುವವರು ನೀವು. ಬ್ಯಾಂಕ್ ಕೊಡುವಷ್ಟು ಸಾಲ ಬೇರೆ, ನಿಮ್ಮ ಮನೆ ತಡೆದುಕೊಳ್ಳುವಷ್ಟು ಸಾಲ ಬೇರೆ.

ಹಾಗಾದರೆ ಎಷ್ಟು ಬೆಲೆಯ ಮನೆ?

ಉಳಿತಾಯದ 20 ಲಕ್ಷದಲ್ಲಿ ಬೀರು, ವೈರಿಂಗ್, ಸಾಗಾಟಕ್ಕೆಂದು 2 ಲಕ್ಷ ತೆಗೆದಿಡಿ. ಉಳಿದ 18 ಲಕ್ಷಕ್ಕೆ 34.5 ಲಕ್ಷ ಸಾಲ ಸೇರಿಸಿ: 52.5 ಲಕ್ಷ. ನೋಂದಣಿ ಖರ್ಚೂ ಇದರಲ್ಲೇ ಬರಬೇಕಾದ್ದರಿಂದ 1.076ರಿಂದ ಭಾಗಿಸಿ. ಸಿಗುವುದು 48.8 ಲಕ್ಷ. ಇದೇ ಇವರ ಮಿತಿ, 60 ಅಲ್ಲ. ಸರ್ಕಾರದ ಮಾರ್ಗಸೂಚಿ ದರ ಖರೀದಿ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕವನ್ನು ಆ ದರದ ಮೇಲೆ ಹಾಕುತ್ತಾರೆ, ಅದನ್ನೂ ನೋಡಿಕೊಳ್ಳಿ.

ಮಿತಿ ಹೆಚ್ಚಿಸುವ ದಾರಿ ಇದೆಯೇ? ಇದೆ. ಚೀಟಿಗೆ ಉಳಿದಿರುವುದು 1.2 ಲಕ್ಷ. ಅದನ್ನು ಮೊದಲು ತೀರಿಸಿಬಿಟ್ಟರೆ ತಿಂಗಳಿಗೆ 6,000 ಬಿಡುಗಡೆಯಾಗಿ, ಸಾಲದ ಮಿತಿ ನಿಜವಾಗಿಯೂ 41.4 ಲಕ್ಷಕ್ಕೆ ಏರುತ್ತದೆ. ಕೈಹಣ 1.2 ಲಕ್ಷ ಕಡಿಮೆಯಾದರೂ ಸುಮಾರು 54 ಲಕ್ಷದ ಮನೆ ಎಟುಕುತ್ತದೆ. ಸಣ್ಣ ಬಾಕಿ ತೀರಿಸುವುದು ಕೆಲವೊಮ್ಮೆ ದೊಡ್ಡ ಮುಂಗಡಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಬಡ್ಡಿ ಏರಿದರೆ?

2022ರ ಮೇನಿಂದ 2023ರ ಫೆಬ್ರುವರಿವರೆಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತ್ತು. ರೆಪೊಗೆ ಜೋಡಿಸಿದ ಗೃಹಸಾಲಗಳ ಬಡ್ಡಿಯೂ ಅದರ ಹಿಂದೆಯೇ ಏರಿತು. ನಮ್ಮ 34.5 ಲಕ್ಷ ಸಾಲಕ್ಕೆ ಬಡ್ಡಿ ಶೇ 1 ಏರಿದರೆ ಕಂತು ಸುಮಾರು 2,200 ರೂಪಾಯಿ ಹೆಚ್ಚುತ್ತದೆ. ಕಟ್ಟಡ ಇನ್ನೂ ಮುಗಿಯದ ಫ್ಲಾಟ್ ಆದರೆ ಮನೆ ಕೈಗೆ ಬರುವವರೆಗೆ ಬಾಡಿಗೆಯೂ ಬಡ್ಡಿಯೂ ಜೊತೆಜೊತೆಗೆ ನಡೆಯುತ್ತವೆ.

ಅಡ್ವಾನ್ಸ್ ಕೊಡುವ ಮೊದಲು ಆ ಕಂತಿನ ಅಭ್ಯಾಸ ಮಾಡಿ ನೋಡಿ. ಹೊಸ ಕಂತಿನಲ್ಲಿ ಈಗಿನ ಬಾಡಿಗೆ ಕಳೆದು, ಉಳಿದ ಮೊತ್ತವನ್ನು ಆರು ತಿಂಗಳು ಪ್ರತ್ಯೇಕ ಖಾತೆಗೆ ಹಾಕಿ. ಮಧ್ಯದಲ್ಲಿ ಆ ಹಣಕ್ಕೆ ಕೈ ಹಾಕಬೇಕಾಗಿ ಬಂದರೆ, ಸಾಲ ನಿಮ್ಮ ಮನೆಗೆ ದೊಡ್ಡದಾಯಿತು ಎಂದರ್ಥ.